ಆಯ್ತು ಸರ್, ಆತವ್ವಾ: ಅರವತ್ತು ಸೆಕೆಂಡಿನ ಮೊದಲ ಕೆಲಸ

ಹೊಸ ಊರಲ್ಲಿ ಮೊದಲ ಕೆಲಸ ಅನ್ನೋ ವಿಷಯ ಕೊಟ್ಟು ಅರವತ್ತು ಸೆಕೆಂಡಿನ ಸ್ಕ್ರಿಪ್ಟ್ ಬರೀರಿ ಅಂದ್ರೆ ನಮ್ಮಲ್ಲಿ ಎಲ್ಲರೂ ಮೊದಲು ಬರೆಯೋದು ಒಂದೇ ಶಾಟ್. ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುತ್ತೆ, ಒಂದು ಬ್ಯಾಗು ಇಳಿಯುತ್ತೆ, ಬ್ಯಾಗಿನ ಹಿಂದೆ ಒಬ್ಬ ಹುಡುಗ ಇಳಿದು ತಲೆ ಎತ್ತಿ ಕಟ್ಟಡಗಳನ್ನು ನೋಡ್ತಾನೆ. ಹಿನ್ನೆಲೆಯಲ್ಲಿ ಕೊಳಲು. ಹೋದ ಸೆಮಿಸ್ಟರ್‌ನಲ್ಲಿ ಕ್ಲಬ್ಬಿಗೆ ಬಂದ ಐದು ಸ್ಕ್ರಿಪ್ಟುಗಳಲ್ಲಿ ಐದೂ ಹೀಗೇ ಶುರುವಾಗಿದ್ದವು. ನಗಬೇಡಿ, ಅದರಲ್ಲಿ ಒಂದು ನಂದೇ.

ಆ ಶಾಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಅದಕ್ಕೆ ಜಾಗ ಇದೆ. ಆದರೆ ಅರವತ್ತು ಸೆಕೆಂಡಿನಲ್ಲಿ ಆರು ಸೆಕೆಂಡು ಅಂದ್ರೆ ಕಥೆಯ ಹತ್ತನೇ ಒಂದು ಭಾಗ. ಅಷ್ಟನ್ನು ಖರ್ಚು ಮಾಡಿ ನಾವು ನೋಡುವವರಿಗೆ ಹೇಳಿದ್ದೇನು? "ಇವನು ಊರಿಂದ ಬಂದ" ಅಂತ. ಅದು ಅವರಿಗೆ ವಿಷಯ ಓದಿದಾಗಲೇ ಗೊತ್ತಿತ್ತು.

ನನ್ನ ವಾದ ಇಷ್ಟೇ. ಅರವತ್ತು ಸೆಕೆಂಡಿನಲ್ಲಿ ಮೊದಲ ಕೆಲಸದ ಕಥೆಯನ್ನು ಪೂರ್ತಿ ಹೇಳೋಕಾಗಲ್ಲ, ಅದರೊಳಗಿನ ಒಂದೇ ಒಂದು ತಿರುವನ್ನು ಹೇಳಬಹುದು. ಊರಿಂದ ಬಂದ, ಕಷ್ಟಪಟ್ಟ, ಗೆದ್ದ ಅನ್ನೋ ದೊಡ್ಡ ಕಮಾನನ್ನೇ ಕುಗ್ಗಿಸಿ ತುಂಬಿಸೋಕೆ ಹೋದ್ರೆ ಅದು ಕೋಚಿಂಗ್ ಸೆಂಟರಿನ ಜಾಹೀರಾತಾಗುತ್ತೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತಿದ್ದಲ್ಲ, ಒಂದು ಸ್ಕ್ರಿಪ್ಟನ್ನು ನಾಲ್ಕು ಸಲ ಹರಿದು ಹಾಕಿ ಕಲಿತಿದ್ದು.

ಮೊದಲು ಒಂದು ಹಳೇ ಕಥೆ. ನಾವೆಲ್ಲ ಮೈಕ್ರೋಡ್ರಾಮಾ ಅಂದ್ರೆ ಫೋನಿನಿಂದ ಹುಟ್ಟಿದ್ದು ಅಂದ್ಕೊಂಡಿದ್ದೀವಿ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧ ಆಯ್ತು, ಆಮೇಲೆ ರೀಲ್ಸು, ಶಾರ್ಟ್ಸು ಬಂದವು, ಅಲ್ಲಿಂದ ಇದೆಲ್ಲ ಶುರು ಅಂತ. ಆದರೆ ಸಿನಿಮಾ ಹುಟ್ಟಿದ್ದೇ ಒಂದು ನಿಮಿಷಕ್ಕಿಂತ ಕಡಿಮೆ ಉದ್ದದಲ್ಲಿ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರ ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದ ಫಿಲ್ಮು ಸುಮಾರು 17 ಮೀಟರ್. ಅದು ಓಡಿದ್ರೆ ಐವತ್ತು ಸೆಕೆಂಡು ಆಚೀಚೆ ಅಷ್ಟೇ. ಅವರ ಬಹಳಷ್ಟು ಚಿತ್ರಗಳಲ್ಲಿ ಕಥೆ ಇಲ್ಲ, ಕಾರ್ಖಾನೆಯಿಂದ ಜನ ಹೊರಗೆ ಬರ್ತಾರೆ, ರೈಲು ಬರುತ್ತೆ. ಆದರೆ ಒಂದರಲ್ಲಿ ಕಥೆ ಇದೆ. ತೋಟದಲ್ಲಿ ಒಬ್ಬ ಪೈಪ್ ಹಿಡಿದು ಗಿಡಕ್ಕೆ ನೀರು ಹಾಕ್ತಿರ್ತಾನೆ. ಒಬ್ಬ ಹುಡುಗ ಹಿಂದಿನಿಂದ ಬಂದು ಪೈಪ್ ಮೇಲೆ ಕಾಲಿಡ್ತಾನೆ. ನೀರು ನಿಲ್ಲುತ್ತೆ. ಇವನು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡ್ತಾನೆ, ಹುಡುಗ ಕಾಲು ತೆಗೀತಾನೆ, ಮುಖಕ್ಕೆ ನೀರು! ಆಮೇಲೆ ಹುಡುಗನನ್ನು ಹಿಡಿದು ಬಾರಿಸ್ತಾನೆ, ಮತ್ತೆ ನೀರು ಹಾಕೋಕೆ ಹೋಗ್ತಾನೆ.

ಇದನ್ನು ಯೂಟ್ಯೂಬ್‌ನಲ್ಲಿ ಒಂದು ಸಲ ನೋಡಿ. ಒಂದೇ ಜಾಗ, ಇಬ್ಬರೇ ಜನ. ತೋಟದವನು ಯಾರು, ಯಾವ ಊರು, ಸಂಬಳ ಎಷ್ಟು, ಏನೂ ಇಲ್ಲ. ಅವನಿಗೆ ಬೇಕಾಗಿದ್ದು ನೀರು, ಅದು ನಿಂತುಹೋಯ್ತು. ಅಷ್ಟು ಗೊತ್ತಾಗೋಕೆ ನಮಗೆ ಐದು ಸೆಕೆಂಡೂ ಬೇಕಾಗಲ್ಲ. ಉಳಿದ ಸಮಯ ಪೂರ್ತಿ ತಿರುವಿಗೆ ಸಿಗುತ್ತೆ.

ಈಗ ಆಪುಗಳಲ್ಲಿ ಬರೋ ಮೈಕ್ರೋಡ್ರಾಮಾ ಸೀರೀಸು ಬೇರೆ ಜಾತಿ. ಅಲ್ಲಿ ಒಂದೊಂದು ಕಂತೂ ಒಂದೆರಡು ನಿಮಿಷ ಇರುತ್ತೆ, ಮತ್ತು ಕಪಾಳಕ್ಕೆ ಕೈ ಎತ್ತಿದಲ್ಲೇ ನಿಲ್ಲುತ್ತೆ. ಮುಂದಿನ ಕಂತಿಗೆ ನೀವು ದುಡ್ಡು ಕೊಡಬೇಕಲ್ಲ. ಅವರಿಗೆ ಮುಗಿಸೋ ಚಿಂತೆ ಇಲ್ಲ. ನಮಗೆ ಮುಂದಿನ ಕಂತಿಲ್ಲ, ಅರವತ್ತನೇ ಸೆಕೆಂಡಿಗೆ ಬಾಗಿಲು ಮುಚ್ಚಲೇಬೇಕು. ಶಾರ್ಟ್ಸಿನಲ್ಲಿ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೂ ಹಾಕಬಹುದು, ಹಾಗಾಗಿ ಅರವತ್ತು ಅನ್ನೋದು ಈಗ ತಂತ್ರಜ್ಞಾನದ ಮಿತಿ ಅಲ್ಲ, ನಾವೇ ಹಾಕ್ಕೊಂಡ ನಿಯಮ. ಆದರೂ ಒಳ್ಳೇ ನಿಯಮ ಅಂತ ನನಗನ್ಸುತ್ತೆ, ಯಾಕಂದ್ರೆ ಸುಳ್ಳು ತಕ್ಷಣ ಸಿಕ್ಕಿಬೀಳುತ್ತೆ.

ನನ್ನ ಮೊದಲ ಸ್ಕ್ರಿಪ್ಟಿಗೆ ಬರ್ತೀನಿ. ಹುಡುಗಿ ರಾಣೆಬೆನ್ನೂರಿನವಳು. ಜೆಪಿ ನಗರದಲ್ಲಿ, ಮನೆಯನ್ನೇ ಆಫೀಸು ಮಾಡಿಕೊಂಡಿರೋ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಬಿಟಿಎಂ ಎರಡನೇ ಹಂತದಲ್ಲಿ ಪಿಜಿ. ಮೆಜೆಸ್ಟಿಕ್, ಪಿಜಿ ಬಾಗಿಲು, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಫಾರ್ಮಲ್ ಶರ್ಟು ಕೊಳ್ಳೋದು, ಆರ್‌ವಿ ರೋಡಿನಲ್ಲಿ ಹಸಿರು ಮಾರ್ಗದಿಂದ ಹಳದಿ ಮಾರ್ಗಕ್ಕೆ ಮೆಟ್ರೋ ಬದಲಾಯಿಸೋದು, ಆಫೀಸು, ದರ್ಶಿನಿಯಲ್ಲಿ ಒಬ್ಬಳೇ ಇಡ್ಲಿ ತಿನ್ನೋದು, ಕೊನೆಗೆ ಮೊದಲ ಸಂಬಳದ ಎಸ್ಸೆಮ್ಮೆಸ್ಸು, ಅಮ್ಮನಿಗೆ ಸೀರೆ. ಸ್ಟಾಪ್‌ವಾಚ್ ಹಿಡಿದು ಜೋರಾಗಿ ಓದಿದೆವು. ಎರಡು ನಿಮಿಷ ನಲವತ್ತು ಸೆಕೆಂಡು.

ಕತ್ತರಿಸಿದ್ರೆ ಆಯ್ತು ಅಂದ್ಕೊಂಡೆ. ಆಗಲಿಲ್ಲ. ಯಾಕೆ ಅಂತ ಲೆಕ್ಕ ಹಾಕಿದಾಗ ಗೊತ್ತಾಯ್ತು. ಒಂದು ಹೊಸ ಜಾಗ ತೋರಿಸಿದಾಗ ನೋಡುವವನಿಗೆ "ಇದೆಲ್ಲಿ, ಇವಳಿಲ್ಲಿ ಯಾಕಿದ್ದಾಳೆ" ಅಂತ ತಿಳಿಯೋಕೇ ಎರಡು ಮೂರು ಸೆಕೆಂಡು ಬೇಕು. ಏಳು ಜಾಗ ಇದ್ರೆ ಹತ್ತತ್ತಿರ ಇಪ್ಪತ್ತು ಸೆಕೆಂಡು ಬರೀ ವಿಳಾಸ ಹೇಳೋದರಲ್ಲೇ ಹೋಯ್ತು. ಅಂದ್ರೆ ಕಥೆಯ ಮೂರನೇ ಒಂದು ಭಾಗ ಗೂಗಲ್ ಮ್ಯಾಪು. ಇನ್ನು ಮಾತು. ನಮ್ಮ ನಟಿ ಸಹಜವಾಗಿ, ಉಸಿರು ತಗೊಂಡು, ನಡುವೆ ಸುಮ್ಮನಿದ್ದು ಮಾತಾಡಿದಾಗ ಇಪ್ಪತ್ತೈದು ಸೆಕೆಂಡಿಗೆ ನಲವತ್ತೈದು ಪದ ಬಂತು. ನಾನು ಇನ್ನೂರು ಪದದ ಸಂಭಾಷಣೆ ಬರೆದು ಕೂತಿದ್ದೆ.

ಹಾಗಾಗಿ ಕತ್ತರಿಸೋದು ಬಿಟ್ಟು, ಆ ಏಳು ಜಾಗಗಳಲ್ಲಿ ಯಾವುದರಲ್ಲಿ ನಿಜವಾಗಿ ಏನೋ ಸಿಕ್ಕಿಕೊಂಡಿದೆ ಅಂತ ಹುಡುಕಿದ್ವಿ. ಸೀರೆಯಲ್ಲಿ ಏನೂ ಇಲ್ಲ, ಅದು ಬಹುಮಾನ. ಮೆಟ್ರೋದಲ್ಲಿ ಏನೂ ಇಲ್ಲ, ಅದು ನಮಗೆ ಮೆಟ್ರೋ ಇಷ್ಟ ಅಂತ ಬರೆದಿದ್ದು. (ಒಳಗೆ ಶೂಟ್ ಮಾಡೋಕೆ ಅನುಮತಿನೂ ಬೇಕು.) ಕೊನೆಗೆ ಸಿಕ್ಕಿದ್ದು ಪಿಜಿಯ ಗೋಡೆ ಮೇಲಿನ ಒಂದು ಸಾಲು: ರಾತ್ರಿ ಊಟ 8ರಿಂದ 9:30. ನಮ್ಮ ಕ್ಲಾಸಿನಲ್ಲಿ ಅಕ್ಕ ಅಣ್ಣಂದಿರು ಬಿಟಿಎಂ ಪಿಜಿಯಲ್ಲಿರೋರು ಸುಮಾರು ಜನ ಇದ್ದಾರೆ. ಯಾರನ್ನು ಕೇಳಿದ್ರೂ ಒಂದೇ ಮಾತು, ಲೇಟಾದ್ರೆ ಪಾತ್ರೆ ಖಾಲಿ. ಆಫೀಸು ಬಿಡೋ ಹೊತ್ತು, ಪಿಜಿ ಊಟ ಮುಗಿಯೋ ಹೊತ್ತು, ಅಮ್ಮ ಫೋನ್ ಮಾಡೋ ಹೊತ್ತು. ಈ ಮೂರೂ ಒಂದಕ್ಕೊಂದು ಡಿಕ್ಕಿ ಹೊಡೆಯೋ ಜಾಗದಲ್ಲಿ ನಮ್ಮ ಕಥೆ ಇತ್ತು.

ಇನ್ನೊಂದು ಸಿಕ್ಕಿತು, ಅದು ಕನ್ನಡದ ಪುಣ್ಯ. ಬಾಸ್ ಕೆಲಸ ಹೇಳಿದಾಗ ನಾವು ಏನಂತೀವಿ? "ಆಯ್ತು ಸರ್." ಅಮ್ಮ ಊಟ ಆಯ್ತಾ ಅಂದ್ರೆ? "ಆಯ್ತಮ್ಮ." ಒಪ್ಪಿಕೊಳ್ಳೋದಕ್ಕೂ ಅದೇ ಪದ, ಮುಗೀತು ಅನ್ನೋದಕ್ಕೂ ಅದೇ ಪದ. ಮೊದಲನೆಯದು ಇಷ್ಟವಿಲ್ಲದೆ ಹೇಳಿದ್ದು, ಎರಡನೆಯದು ಸುಳ್ಳು. ಮೊದಲನೆಯದನ್ನು ಹೇಳಿದ್ದಕ್ಕೇ ಎರಡನೆಯದನ್ನೂ ಹೇಳಬೇಕಾಯ್ತು. ಇಷ್ಟರ ಮೇಲೆ ಇಡೀ ಕಥೆ ನಿಲ್ಲಬಹುದು ಅನ್ನಿಸ್ತು.

ಕಥೆ ಹೀಗಾಯ್ತು. ಮೊದಲ ಶಾಟಲ್ಲಿ ಸ್ಟೀಲ್ ಪಾತ್ರೆಯ ಮುಚ್ಚಳ ತೆಗೀತಾಳೆ, ಖಾಲಿ. ಸೌಟು ತಳಕ್ಕೆ ತಾಗಿ ಟಣ್ ಅನ್ನುತ್ತೆ. ಮೂರು ಸೆಕೆಂಡು. ಅವಳು ಯಾರು ಅಂತ ಗೊತ್ತಿಲ್ಲ, ಆದ್ರೆ ಹಸಿವು ಗೊತ್ತಾಗುತ್ತೆ. ಭುಜದ ಮೇಲೆ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು ಇನ್ನೂ ಇದೆ, ಕೆಲಸಕ್ಕೆ ಹೋಗೋಳು ಅಂತ ಅದೇ ಹೇಳುತ್ತೆ. ಫೋನು. "ಊಟ ಆತೇನವಾ?" ಖಾಲಿ ಪಾತ್ರೆ ನೋಡ್ತಾ "ಆತವ್ವಾ." ಹತ್ತನೇ ಸೆಕೆಂಡಿಗೆ ಇದು ಮುಗೀಬೇಕು.

ಹತ್ತರಿಂದ ಇಪ್ಪತ್ತೈದು, ಆಫೀಸು. ಬ್ಯಾಗು ಭುಜಕ್ಕೇರಿಸಿ ಹೊರಟಿದ್ದಾಳೆ. ಸರ್ ಲ್ಯಾಪ್‌ಟಾಪಿನಿಂದ ತಲೆ ಎತ್ತದೇ "ಈ ರಿಪೋರ್ಟ್ ಇವತ್ತೇ ಆಗ್ಬೇಕು" ಅಂತಾರೆ. "ಆಯ್ತು ಸರ್." ಬ್ಯಾಗು ಕೆಳಗಿಳಿಯುತ್ತೆ. ಇಪ್ಪತ್ತೈದರಿಂದ ಮೂವತ್ನಾಲ್ಕು, ಮತ್ತೆ ಅದೇ ಮುಚ್ಚಳ, ಅದೇ ಕೋನ, ಅದೇ ಟಣ್. ಈ ಸಲ ಅಮ್ಮ "ಏನ್ ಮಾಡಿದ್ರು?" ಅಂತಲೂ ಕೇಳ್ತಾಳೆ. ಹುಡುಗಿ ಗೋಡೆ ಮೇಲಿನ ಮೆನು ಬೋರ್ಡು ಓದ್ತಾಳೆ: "ಚಪಾತಿ... ಬದನೀಕಾಯಿ ಪಲ್ಯ... ಅನ್ನ, ಸಾರು."

ಮೂವತ್ನಾಲ್ಕರಿಂದ ನಲವತ್ತೆಂಟು, ಮತ್ತೆ ಆಫೀಸು, ಮತ್ತೆ ಬ್ಯಾಗು. "ಇದೂ ಇವತ್ತೇ." ಅವಳು "ಆಯ್..." ಅಂತ ನಿಲ್ಲಿಸ್ತಾಳೆ. ಎರಡು ಸೆಕೆಂಡು ಯಾರೂ ಏನೂ ಮಾತಾಡಲ್ಲ. "ಸರ್, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೊಟ್ರೆ ನಡಿಯುತ್ತಾ?" ಅವರು ತಲೆ ಎತ್ತೋದೇ ಇಲ್ಲ. "ಹ್ಞಾ, ನಡಿಯುತ್ತೆ."

ಕೊನೆಯ ಹನ್ನೆರಡು ಸೆಕೆಂಡು. ಮುಚ್ಚಳ ತೆಗೆದ್ರೆ ಹಬೆ. ಫೋನು. "ಊಟ ಆತೇನವಾ?" ಬಾಯ್ತುಂಬ ತುತ್ತು. "ಇಲ್ಲವ್ವಾ. ಈಗ ಉಣ್ಣಾಕತ್ತೇನಿ." "ಉಣ್ಣು ಉಣ್ಣು, ಆಮ್ಯಾಲೆ ಮಾಡ್ತೇನಿ." ಫೋನ್ ಕಟ್. ಮುಗೀತು.

ಗಮನಿಸಿ, ಜಾಗ ಎರಡೇ. ಒಂದೇ ಫ್ರೇಮು ಮತ್ತೆ ಬಂದಾಗ ನೋಡುವವನಿಗೆ ವಿಳಾಸ ಹೇಳಬೇಕಿಲ್ಲ, ಅರ್ಧ ಸೆಕೆಂಡಿನಲ್ಲಿ ಹಿಡೀತಾನೆ. ಹಾಗೆ ಉಳಿಸಿದ ಸಮಯವನ್ನೇ ಆ ಎರಡು ಸೆಕೆಂಡಿನ ಮೌನಕ್ಕೆ ಹಾಕಿದ್ವಿ. ಮೌನಕ್ಕೆ ಎರಡು ಸೆಕೆಂಡು ಕೊಡೋದು ದುಬಾರಿ ಅಂತ ಎಡಿಟ್ ಮಾಡೋವಾಗ ಎಲ್ಲರೂ ಕತ್ತರಿ ಹಿಡಿದು ಬಂದ್ರು. ಕತ್ತರಿಸಿ ನೋಡಿದ್ರೆ ಅವಳು ಸುಮ್ನೆ ಒಂದು ಪ್ರಶ್ನೆ ಕೇಳಿದ ಹಾಗಿತ್ತು, ಏನೋ ನಿರ್ಧಾರ ಮಾಡಿದ ಹಾಗಿರಲಿಲ್ಲ. ವಾಪಸ್ ಹಾಕಿದ್ವಿ.

ಇಷ್ಟಕ್ಕೆ ಬರೋ ಮೊದಲು ಮಾಡಿದ ತಪ್ಪುಗಳೇ ಹೆಚ್ಚು ಕಲಿಸಿದವು. ಎರಡನೇ ಕರಡಿನಲ್ಲಿ ಪಿಜಿಯ ಅಡುಗೆ ಅಕ್ಕ ಇದ್ರು. ಹುಡುಗಿ ದಿನಾ ಹಸಿದು ಮಲಗೋದನ್ನು ನೋಡಿ ಅವರೇ ಒಂದು ತಟ್ಟೆ ಮುಚ್ಚಿಟ್ಟಿರ್ತಾರೆ. ಓದಿದವರೆಲ್ಲ "ಅಯ್ಯೋ, ಎಷ್ಟು ಚೆನ್ನಾಗಿದೆ" ಅಂದ್ರು, ನನಗೂ ಖುಷಿಯಾಯ್ತು. ಆದ್ರೆ ಶೂಟ್ ಮಾಡಿ ನೋಡಿದಾಗ ಮಸಾಲೆ ಪುಡಿಯ ಜಾಹೀರಾತಿನ ಥರ ಕಂಡಿತು. ಕಾರಣ ಸರಳ. ಹುಡುಗಿ ಏನೂ ಮಾಡಿಲ್ಲ. ಕಷ್ಟವೂ ಅವಳ ಮೇಲೆ ಬಿತ್ತು, ದಯೆಯೂ ಅವಳ ಮೇಲೆ ಬಿತ್ತು. ಅವಳ ಜಾಗದಲ್ಲಿ ಒಂದು ಬೆಕ್ಕಿನ ಮರಿ ಇಟ್ಟಿದ್ರೂ ಕಥೆ ನಡೀತಿತ್ತು.

ಇದನ್ನು ಪತ್ತೆ ಮಾಡೋಕೆ ನಾವು ಈಗ ಒಂದು ಪರೀಕ್ಷೆ ಮಾಡ್ತೀವಿ. ಅರ್ಧಕ್ಕೆ, ಅಂದ್ರೆ ಮೂವತ್ನಾಲ್ಕನೇ ಸೆಕೆಂಡಿಗೆ ವೀಡಿಯೊ ನಿಲ್ಲಿಸಿ, ಕಥೆ ಗೊತ್ತಿಲ್ಲದ ಒಬ್ಬರನ್ನು "ಏನನ್ಸುತ್ತೆ?" ಅಂತ ಕೇಳೋದು. "ಪಾಪ" ಅಂದ್ರೆ ಕೆಟ್ಟಿದೆ ಅಂತ ಅರ್ಥ. "ಒಂದ್ ಮಾತು ಕೇಳ್ಬಾರ್ದಾ ಅವ್ಳು?" ಅಂತ ಸಿಟ್ಟು ಬಂದ್ರೆ ಸರಿಯಿದೆ. ನೋಡೋರಿಗೆ ಅವಳ ಮೇಲೆ ಸ್ವಲ್ಪ ಸಿಟ್ಟು ಬಂದಿರಬೇಕು, ಯಾಕಂದ್ರೆ ಆಗ ಮುಂದಿನ ಹೆಜ್ಜೆ ಅವಳದೇ ಅಂತ ಅವರಿಗೆ ಗೊತ್ತಾಗಿದೆ. ಇನ್ನೊಂದು ಪರೀಕ್ಷೆ, ಸೌಂಡ್ ಆಫ್ ಮಾಡಿ ನೋಡೋದು. ಬಸ್ಸಲ್ಲಿ, ಕ್ಲಾಸಲ್ಲಿ ಎಲ್ಲರೂ ನೋಡೋದು ಹಾಗೇ ತಾನೇ. ಸೌಂಡ್ ಇಲ್ಲದಾಗಲೂ ಖಾಲಿ ಪಾತ್ರೆ, ಇಳಿಯೋ ಬ್ಯಾಗು, ಹಬೆ ಇಷ್ಟರಲ್ಲೇ ಮುಕ್ಕಾಲು ಕಥೆ ಗೊತ್ತಾಗಬೇಕು. ಉಳಿದದ್ದು ಸಬ್‌ಟೈಟಲ್. ಅದನ್ನು ತೀರ ಕೆಳಗೆ ಹಾಕಬೇಡಿ, ಅಲ್ಲಿ ಅಕೌಂಟ್ ಹೆಸರು ಕೂತ್ಕೊಳ್ಳುತ್ತೆ. ನಮ್ಮ ಮೊದಲ ಅಪ್‌ಲೋಡಿನಲ್ಲಿ ಅಮ್ಮನ ಪ್ರಶ್ನೆಯೇ ಮುಚ್ಚಿಹೋಗಿತ್ತು.

ಅಂದ ಹಾಗೆ, "ಆತವ್ವಾ" ನಾನು ಬರೆದಿದ್ದಲ್ಲ. ನಾನು ಬರೆದಿದ್ದು "ಆಯ್ತಮ್ಮ". ನಾನು ಬನಶಂಕರಿಯಲ್ಲಿ ಹುಟ್ಟಿ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವನು, ನನಗೆ ಗೊತ್ತಿರೋ ಅಮ್ಮ ಹಾಗೇ ಮಾತಾಡೋದು. ನಮ್ಮ ನಟಿ ಹುಬ್ಬಳ್ಳಿಯವಳು. ಅವಳು ಸ್ಕ್ರಿಪ್ಟ್ ಓದಿ ನಕ್ಕು, "ರಾಣೆಬೆನ್ನೂರಿನಾಕಿ ಅವ್ವನ ಜೋಡಿ ಹಿಂಗ ಮಾತಾಡ್ತಾಳೇನಲೇ?" ಅಂದಳು. ನಾನು ವಾದ ಮಾಡಿದೆ. ಎರಡೂ ಕಡೆ ಒಂದೇ ಪದ ಇರಬೇಕು, ಇಲ್ಲದಿದ್ರೆ ಕಥೆಯೇ ಬಿದ್ದುಹೋಗುತ್ತೆ ಅಂತ. ಬೀಳಲಿಲ್ಲ. ಆಫೀಸಲ್ಲಿ "ಆಯ್ತು", ಫೋನಲ್ಲಿ "ಆತು". ಕೇಳೋರಿಗೆ ಒಂದೇ ಪದ ಅಂತ ಗೊತ್ತಾಗುತ್ತೆ, ಬೇರೆ ಊರು ಅಂತಲೂ ಗೊತ್ತಾಗುತ್ತೆ. ನಾನು ಮೆಜೆಸ್ಟಿಕ್ಕಿನ ಆರು ಸೆಕೆಂಡಿನಲ್ಲಿ ಹೇಳೋಕೆ ಹೋಗಿದ್ದನ್ನು ಆ ಒಂದು ಸ್ವರ ಹೇಳಿಬಿಟ್ಟಿತು.

ಬಾಸ್ ವಿಷಯಕ್ಕೆ ಕ್ಲಬ್ಬಿನಲ್ಲಿ ದೊಡ್ಡ ಜಗಳವೇ ಆಯ್ತು. ಮೊದಲು ಅವರು ಕೂಗಾಡೋ ಬಾಸ್ ಆಗಿದ್ರು. ಕೂಗಾಡಿದ್ರೆ ಅವರು ವಿಲನ್ನು, ವಿಲನ್ ಇದ್ರೆ ಅವನನ್ನು ಸೋಲಿಸಬೇಕು, ಸೋಲಿಸೋಕೆ ಇನ್ನೊಂದು ನಿಮಿಷ ಬೇಕು. ತಲೆ ಎತ್ತದೇ "ನಡಿಯುತ್ತೆ" ಅನ್ನೋ ಬಾಸ್ ಬಂದಾಗ ಕಥೆ ಬೇರೆಯೇ ಆಯ್ತು. ಇಷ್ಟು ದಿನ ಅವಳು ಹಸಿದಿದ್ದು ಅವರಿಗೆ ಗೊತ್ತೇ ಇರಲಿಲ್ಲ, "ಇವತ್ತೇ" ಅನ್ನೋದು ಅವರಿಗೆ ಬರೀ ಅಭ್ಯಾಸ. ಫೈನಲ್ ಇಯರ್ ಅಣ್ಣ ಒಬ್ಬರು ಇದಕ್ಕೆ ಒಪ್ಪಲೇ ಇಲ್ಲ. "ಪ್ರೊಬೇಷನ್‌ನಲ್ಲಿರೋ ಫ್ರೆಷರ್ ಹಾಗೆ ಕೇಳಿದ್ರೆ ಎಲ್ಲ ಕಡೆ ನಡಿಯುತ್ತೆ ಅಂತ ತೋರಿಸ್ತಿದ್ದೀರಾ, ಅದು ಸುಳ್ಳು. ಎಷ್ಟೋ ಕಡೆ ಬಾಸ್ ತಲೆ ಎತ್ತಿ ನೋಡ್ತಾರೆ, ಆಮೇಲೆ ಅದು ಅಪ್ರೈಸಲ್‌ನಲ್ಲಿ ಬರುತ್ತೆ" ಅಂದ್ರು. ತಪ್ಪು ಅವಳದೇ, ಕೇಳಲಿಲ್ಲ ಅಂದ ಹಾಗಾಯ್ತಲ್ಲ ಅಂತಲೂ ಕೇಳಿದ್ರು.

ಆ ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅವರು ಹೇಳಿದ್ದು ನಿಜ. ಅದಕ್ಕೇ ಅವಳ ಮಾತನ್ನು ಬದಲಾಯಿಸಿದ್ವಿ. ಮೂರನೇ ಕರಡಿನಲ್ಲಿ ಅವಳು "ಇವತ್ತಾಗಲ್ಲ ಸರ್" ಅಂತಿದ್ದಳು, ಚಪ್ಪಾಳೆ ಗಿಟ್ಟಿಸೋ ಡೈಲಾಗು. ಅದನ್ನು ತೆಗೆದು "ಕೊಟ್ರೆ ನಡಿಯುತ್ತಾ?" ಅಂತ ಮಾಡಿದ್ವಿ. ಮೊದಲ ಕೆಲಸದ ಎರಡನೇ ತಿಂಗಳಲ್ಲಿ ಒಬ್ಬಳಿಗೆ ಬರಬಹುದಾದ ಧೈರ್ಯ ಅಷ್ಟೇ ಇರುತ್ತೆ ಅನ್ಸುತ್ತೆ, ಒಂದು ಪ್ರಶ್ನೆಯಷ್ಟು. ಬಾಸ್ "ಇಲ್ಲ" ಅನ್ನೋ ಕಥೆಯೂ ಇದೆ, ಅದನ್ನೂ ಬರೀಬೇಕು, ಆದ್ರೆ ಅದು ಬೇರೆ ಅರವತ್ತು ಸೆಕೆಂಡು. ಎರಡನ್ನೂ ಒಂದರಲ್ಲೇ ಹಾಕಿದ್ರೆ ಎರಡೂ ಹಾಳು. ಅಣ್ಣನಿಗೆ ಸಮಾಧಾನ ಆಗಲಿಲ್ಲ, ಆದ್ರೂ ಬಾಸ್ ಪಾತ್ರ ಮಾಡಿದ್ದು ಅವರೇ. ಆ ತಲೆ ಎತ್ತದ ಬೇಜಾರು ಅವರಿಗೆ ಎಷ್ಟು ಚೆನ್ನಾಗಿ ಬಂತು ಅಂದ್ರೆ ಇಂಟರ್ನ್‌ಶಿಪ್ಪಿನಲ್ಲಿ ಯಾರನ್ನೋ ನೋಡಿಯೇ ಕಲಿತಿರಬೇಕು.

ಕೊನೆಯಲ್ಲಿ ಇನ್ನೊಂದು ಶಾಟ್ ಇತ್ತು. ಅವಳು ಉಣ್ಣುವಾಗ ಆಫೀಸ್ ಗ್ರೂಪಿನ ಮೆಸೇಜು ಟಿಂಗ್ ಅನ್ನುತ್ತೆ, ಅವಳು ಫೋನು ಮಗುಚಿ ಇಡ್ತಾಳೆ. ನನಗೆ ತುಂಬಾ ಇಷ್ಟವಾದ ಶಾಟ್ ಅದು, ಅಣ್ಣನ ಪ್ರಶ್ನೆಗೂ ಸ್ವಲ್ಪ ಉತ್ತರ ಕೊಡ್ತಿತ್ತು. ಆದ್ರೆ ಹಾಕಿ ನೋಡಿದಾಗ "ಇಲ್ಲವ್ವಾ" ಅನ್ನೋ ಮಾತು ಮಂಕಾಯ್ತು, ಜನ ಟಿಂಗ್ ಬಗ್ಗೆಯೇ ಮಾತಾಡಿದ್ರು. ಅದು ಎರಡನೇ ತಿರುವು. ತೆಗೆದ್ವಿ.

ಈ ಸಲದ ಸ್ಕ್ರಿಪ್ಟುಗಳು ಬರೋಕೆ ಶುರುವಾಗಿವೆ. ಮೊದಲನೆಯದನ್ನು ನಿನ್ನೆ ತೆರೆದೆ. ಸಿಲ್ಕ್ ಬೋರ್ಡ್, ಬೆಳಗಿನ ಜಾವ, ಬಸ್ಸಿನಿಂದ ಒಂದು ಬ್ಯಾಗು ಇಳಿಯುತ್ತೆ. ಬರೆದವನಿಗೆ ಫೋನ್ ಮಾಡಿ ಕೇಳಿದೆ, "ಗುರೂ, ಇವನಿಗೆ ಇವತ್ತು ರಾತ್ರಿ ಏನು ಬೇಕು?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಯೋಚನೆ ಮಾಡಿ ನಾಳೆ ಹೇಳ್ಲಾ?" ಅಂದ. ನಡಿಯುತ್ತೆ ಅಂದೆ.